ಹಸಿರಾಗಿಯೇ ಜೋತುಬಿದ್ದ ಬದನೆ ಗಿಡ: ಉಳಿಸಬೇಕಾದ್ದು ಯಾವುದು?

ಪ್ರಶ್ನೆ: ಸರ್, ನಮ್ಮದು ಹಾಸನ. ತಾರಸಿಯಲ್ಲಿ 20 ಲೀಟರಿನ ಪೇಂಟ್ ಬಕೆಟ್‌ನಲ್ಲಿ ಮುಳ್ಳು ಬದನೆ ಹಾಕಿದ್ದೆ. ಮೂರು ತಿಂಗಳ ಗಿಡ, ಒಂಬತ್ತು ಕಾಯಿ ಬಿಟ್ಟಿತ್ತು, ಒಂದು ಎಲೆಯೂ ಹಳದಿ ಆಗಿರಲಿಲ್ಲ. ರೋಹಿಣಿ ಮಳೆ ಎರಡು ದಿನ ಸುರಿದು ಬಿಸಿಲು ಬಂತು. ಆವತ್ತು ಮಧ್ಯಾಹ್ನ ಗಿಡ ಜೋತುಬಿತ್ತು. ನೀರು ಹಾಕಿದೆ, ಬೆಳಗ್ಗೆ ಎದ್ದಿತ್ತು. ಮತ್ತೆ ಬಿತ್ತು. ಇವತ್ತು ಮೂರನೇ ದಿನ, ಏಳಲೇ ಇಲ್ಲ. ಮಣ್ಣು ನಮ್ಮ ಮಾವನವರ ಆಲೂಗಡ್ಡೆ ಹೊಲದ್ದು. ಪಕ್ಕದಲ್ಲೇ ಎರಡು ಟೊಮೆಟೊ, ಮೂರು ಮೆಣಸಿನ ಗಿಡ ಇವೆ. ಗಿಡ ಉಳಿಸೋಕೆ ಏನಾದ್ರೂ ಔಷಧಿ ಇದೆಯಾ?

ಉತ್ತರ: ಗಿಡಕ್ಕೆ ಔಷಧಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದಿನ ಎರಡು ಮೂರು ದಿನ ನೀವು ಆ ಬಕೆಟ್‌ಗೆ ಏನೇನು ಸುರಿಯುತ್ತೀರೋ ಅದು ಪಕ್ಕದ ಐದು ಗಿಡಗಳಿಗೆ ಮುಳುವಾಗಬಹುದು. ಇವತ್ತಿನಿಂದ ಆ ಬಕೆಟ್‌ಗೆ ಒಂದು ಲೋಟ ನೀರೂ ಬೇಡ. ಮಳೆ ಬರುವ ಹಾಗಿದ್ದರೆ ಅದನ್ನು ಮೆಟ್ಟಿಲ ಕೆಳಗೋ ಶೀಟಿನ ಕೆಳಗೋ ಎತ್ತಿಡಿ. ಎತ್ತುವಾಗ ಕೆಳಗೊಂದು ಹಳೆ ಟಬ್ ಹಿಡಿಯಿರಿ, ಸೋರುವ ನೀರು ತಾರಸಿ ಮೇಲೆ ಹರಿಯಬಾರದು. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ.

ನೀವು ಬರೆದಿರುವ ಲಕ್ಷಣ ದುಂಡಾಣು ಸೊರಗು ರೋಗದ್ದು. ರಾಲ್ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ರೋಗ ಇದು. ಆದರೂ ಪತ್ರ ಓದಿ ನೂರಕ್ಕೆ ನೂರು ಹೇಳುವುದು ಸರಿಯಲ್ಲ. ಅದೃಷ್ಟಕ್ಕೆ ಈ ರೋಗವನ್ನು ಅಡುಗೆಮನೆಯ ಗಾಜಿನ ಲೋಟದಲ್ಲೇ ಹಿಡಿಯಬಹುದು. ಗಿಡ ಪೂರ್ತಿ ಒಣಗುವ ಮುಂಚೆ, ಅಂದರೆ ಇವತ್ತೇ ಮಾಡಿ. ಸತ್ತು ಒಣಗಿದ ಕಾಂಡದಲ್ಲಿ ಈ ಪರೀಕ್ಷೆ ನಂಬುವ ಹಾಗಿಲ್ಲ.

ಮಣ್ಣಿನಿಂದ ಎರಡು ಬೆರಳು ಮೇಲೆ ಕಾಂಡವನ್ನು ಕತ್ತರಿಸಿ. ಅಲ್ಲಿಂದ ನಾಲ್ಕು ಬೆರಳುದ್ದದ ತುಂಡು ತೆಗೆದುಕೊಳ್ಳಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಅಲುಗಾಡದ ಹಾಗೆ ಕಿಟಕಿ ಹತ್ತಿರ ಇಡಿ. ತುಂಡನ್ನು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ, ಬುಡದ ಕಡೆಯ ಕತ್ತರಿಸಿದ ತುದಿ ನೀರಿನಲ್ಲಿ ಅರ್ಧ ಇಂಚು ಮುಳುಗುವಂತೆ ಲೋಟದ ಬಾಯಿಗೆ ಅಡ್ಡ ಇಡಿ. ಕೈಯಲ್ಲಿ ಹಿಡಿದು ನಿಲ್ಲಬೇಡಿ, ಕೈ ನಡುಗಿದರೆ ಏನೂ ಕಾಣುವುದಿಲ್ಲ. ಲೋಟದ ಹಿಂದೆ ಕಪ್ಪು ಬಟ್ಟೆಯೋ ಕಪ್ಪು ರಟ್ಟೋ ಇದ್ದರೆ ಚೆನ್ನ. ರೋಗ ಇದ್ದರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ಅಂಚಿನಿಂದ ಬೆಳ್ಳನೆ ಎಳೆಗಳು ಇಳಿಯತೊಡಗುತ್ತವೆ. ಊದುಬತ್ತಿಯ ಹೊಗೆಯನ್ನು ತಲೆಕೆಳಗು ಮಾಡಿದ ಹಾಗೆ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗುತ್ತದೆ. ಆ ಎಳೆಗಳೇ ಬ್ಯಾಕ್ಟೀರಿಯಾ, ಕೋಟಿಗಟ್ಟಲೆ, ಲೋಳೆಯ ಸಮೇತ.

ಕಾಲು ಗಂಟೆ ಕಾದರೂ ನೀರು ತಿಳಿಯಾಗಿಯೇ ಇದ್ದರೆ ಬೇರೆ ಕಾರಣ ಹುಡುಕಬೇಕು. ಬುಡದಲ್ಲಿ ಬಿಳಿ ನೂಲಿನಂಥ ಬೂಸ್ಟು, ಅದರಲ್ಲಿ ಸಾಸಿವೆ ಕಾಳಿನಂಥ ಗುಂಡುಗಳು ಕಂಡರೆ ಅದು ಶಿಲೀಂಧ್ರದ ಬುಡಕೊಳೆ. ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಕಳಚಿ ವಾಸನೆ ಬಂದರೆ ನೀರು ನಿಂತು ಕೊಳೆತದ್ದು. ಕುಡಿ ಮಾತ್ರ ಬಾಗಿ ಕೆಳಗಿನ ಎಲೆಗಳು ಗಟ್ಟಿಯಾಗಿದ್ದರೆ ಕುಡಿಕೊರಕ ಹುಳ. ಇನ್ನೊಂದು ಸೊರಗು ರೋಗವೂ ಇದೆ, ಅದೂ ಶಿಲೀಂಧ್ರದ್ದೇ. ಆದರೆ ಅದು ನಿಧಾನ. ಕೆಳಗಿನ ಎಲೆಗಳು ಹಳದಿಯಾಗಿ, ಒಂದು ಪಕ್ಕದಿಂದ ಶುರುವಾಗಿ ವಾರಗಟ್ಟಲೆ ಎಳೆಯುತ್ತದೆ. ಮೂರೇ ದಿನದಲ್ಲಿ ಹಸಿರಾಗಿಯೇ ಬೀಳಿಸುವುದು ದುಂಡಾಣುವಿನ ಚಾಳಿ.

ಹಸಿರಾಗಿಯೇ ಯಾಕೆ ಬೀಳುತ್ತದೆ ಅಂತ ಗೊತ್ತಾದರೆ ಔಷಧಿ ಯಾಕೆ ಕೆಲಸ ಮಾಡಲ್ಲ ಅನ್ನುವುದೂ ಗೊತ್ತಾಗುತ್ತದೆ. ಈ ಬ್ಯಾಕ್ಟೀರಿಯಾ ಬೇರಿನ ಗಾಯದಿಂದ ಒಳಗೆ ಹೋಗುತ್ತದೆ. ಗಾಯ ಅಂದರೆ ನೀವು ಕುರ್ಪಿಯಲ್ಲಿ ಮಾಡಿದ್ದೇ ಆಗಬೇಕಿಲ್ಲ. ಹೊಸ ಕವಲು ಬೇರು ಹೊರಗೆ ಬರುವ ಜಾಗದಲ್ಲಿ ಸಿಪ್ಪೆ ಬಿರಿಯುತ್ತದಲ್ಲ, ಅಷ್ಟು ಸಾಕು. ಒಳಗೆ ಹೋದದ್ದು ನೀರು ಮೇಲೇರುವ ಕೊಳವೆಗಳಲ್ಲಿ ಮನೆ ಮಾಡಿಕೊಂಡು ಲೋಳೆ ಬಿಡುತ್ತದೆ. ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ. ಆರಂಭದಲ್ಲಿ ಅರ್ಧ ಕೊಳವೆ ಕಟ್ಟಿಕೊಂಡಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬೇಕಾದಷ್ಟು ನೀರು ಮೇಲೆ ಹೋಗುವುದಿಲ್ಲ, ಗಿಡ ಬೀಳುತ್ತದೆ. ರಾತ್ರಿ ಎಲೆಗೆ ಹೆಚ್ಚು ನೀರು ಬೇಡ, ಹಾಗಾಗಿ ಬೆಳಗ್ಗೆ ಏಳುತ್ತದೆ. ನೀವು ಹಾಕಿದ ನೀರಿನಿಂದ ಎದ್ದಿತು ಅಂತ ಅನಿಸುತ್ತದೆ. ಆದರೆ ನೀರು ಹಾಕದಿದ್ದರೂ ಆ ಬೆಳಗ್ಗೆ ಅದು ಏಳುತ್ತಿತ್ತು. ಮೂರನೇ ದಿನಕ್ಕೆ ಕೊಳವೆ ಪೂರ್ತಿ ಕಟ್ಟುತ್ತದೆ. ಎಲೆ ಹಳದಿಯಾಗುವಷ್ಟು ಸಮಯವೇ ಸಿಗುವುದಿಲ್ಲ.

ಅಂಗಡಿಯಲ್ಲಿ ಕೇಳಿದರೆ ತಾಮ್ರದ ಪುಡಿ ಕೊಡುತ್ತಾರೆ, ಆಂಟಿಬಯಾಟಿಕ್ ಪೊಟ್ಟಣ ಕೊಡುತ್ತಾರೆ, ಟ್ರೈಕೋಡರ್ಮಾ ಕೊಡುತ್ತಾರೆ. ತಾಮ್ರ ಹೊರಗೆ ಅಂಟಿಕೊಂಡು ಕೆಲಸ ಮಾಡುವಂಥದ್ದು, ಕಾಂಡದೊಳಗಿನ ಕೊಳವೆಗೆ ಇಳಿಯುವುದಿಲ್ಲ. ಆಂಟಿಬಯಾಟಿಕ್ ಮೇಲೇರಬೇಕಾದ ದಾರಿಯೇ ಲೋಳೆಯಿಂದ ಮುಚ್ಚಿದೆ. ಮೇಲಾಗಿ, ಮನೆಯಲ್ಲಿ ತಿನ್ನುವ ತರಕಾರಿಗೆ ಅದನ್ನು ಸುರಿಯುವುದು ನನಗೆ ಸುತರಾಂ ಇಷ್ಟವಿಲ್ಲ. ಟ್ರೈಕೋಡರ್ಮಾ ಶಿಲೀಂಧ್ರ ರೋಗಕ್ಕೆ. ಸ್ಯೂಡೋಮೊನಾಸ್ ಪುಡಿಯನ್ನು ನಾಟಿ ಮಾಡುವಾಗಲೇ ಹಾಕಿದ್ದರೆ ಒಂದಷ್ಟು ತಡೆ ಕೊಡಬಹುದು, ಬಿದ್ದ ಗಿಡವನ್ನು ಎಬ್ಬಿಸುವುದಿಲ್ಲ. ಬೂದಿ, ಮಜ್ಜಿಗೆ, ಸುಣ್ಣದ ತಿಳಿ ಇವುಗಳ ಬಗ್ಗೆಯೂ ಅದೇ ಮಾತು. ಇನ್ನು ಕೆಲವರು ಒಂದು ರೆಂಬೆ ಇನ್ನೂ ಚೆನ್ನಾಗಿದೆ ಅಂತ ಕತ್ತರಿಸಿ ಬೇರು ಬರಿಸಲು ನೋಡುತ್ತಾರೆ. ರೆಂಬೆ ಬಾಡುವ ಎಷ್ಟೋ ಮುಂಚೆಯೇ ಬ್ಯಾಕ್ಟೀರಿಯಾ ಅದರೊಳಗೆ ಇರುತ್ತದೆ. ಹೊಸ ಕುಂಡಕ್ಕೆ ನೀವೇ ಕೈಯಾರೆ ರೋಗ ನೆಟ್ಟ ಹಾಗಾಗುತ್ತದೆ.

ಹಾಗಾದರೆ ಉಳಿಯುವುದೇನು? ಮೊದಲಿಗೆ ಆ ಒಂಬತ್ತು ಕಾಯಿ. ಇವತ್ತೇ ಕಿತ್ತುಕೊಳ್ಳಿ. ಈ ಬ್ಯಾಕ್ಟೀರಿಯಾ ಗಿಡಗಳ ಶತ್ರು, ಬದನೆ ತಿಂದ ಮನುಷ್ಯರಿಗೆ ಏನೂ ಮಾಡುವುದಿಲ್ಲ. ನೀರು ಸಿಗದೆ ಕಾಯಿ ಸ್ವಲ್ಪ ಮೆತ್ತಗಾಗಿರಬಹುದು. ಎಣ್ಣೆಗಾಯಿಗೆ ಗಟ್ಟಿ ಕಾಯಿಯಷ್ಟು ಚೆನ್ನಾಗಿರಲ್ಲ, ವಾಂಗಿಬಾತಿಗೆ ಧಾರಾಳವಾಗಿ ಆಗುತ್ತದೆ. ಕೊಳೆತ ಭಾಗ ಇದ್ದರೆ ಮಾತ್ರ ಬಿಸಾಕಿ. ಬೀಜಕ್ಕೆ ಅಂತ ಒಂದನ್ನೂ ಬಿಡಬೇಡಿ. ತೊಟ್ಟು, ಸಿಪ್ಪೆ, ತೊಳೆದ ನೀರು ಗಿಡಗಳಿಗೆ ಹಾಕುವ ಡಬ್ಬಿಗೆ ಹೋಗಬಾರದು.

ಎರಡನೆಯದು ಪಕ್ಕದ ಟೊಮೆಟೊ, ಮೆಣಸು. ಇದೇ ದೊಡ್ಡದು. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು.

ಚಿಕ್ಕಮಗಳೂರಿನ ನಮ್ಮ ಮನೆ ತಾರಸಿಯಲ್ಲಿ ಆರು ಕುಂಡ ಸಾಲಾಗಿ ಇಟ್ಟಿದ್ದೆ. ಎಡಗಡೆಯಿಂದ ಎರಡು ಮೆಣಸು, ಆಮೇಲೆ ಒಂದು ಬದನೆ, ಆಮೇಲೆ ಮೂರು ಟೊಮೆಟೊ. ಬದನೆ ಸಸಿ ಒಂದು ನರ್ಸರಿಯಿಂದ ತಂದದ್ದು, ಬೇರಿನ ಸುತ್ತ ಹೊಲದ ಮಣ್ಣು ಇತ್ತು. ನಾನು ಅದನ್ನು ನೋಡಿಯೂ ನೋಡದ ಹಾಗೆ ನೆಟ್ಟೆ. ಜೂನ್ ಮೊದಲ ವಾರದಲ್ಲಿ ಬದನೆ ಬಿತ್ತು. ಲೋಟದ ಪರೀಕ್ಷೆ ಮಾಡಿದೆ, ಎರಡೇ ನಿಮಿಷಕ್ಕೆ ಎಳೆ ಇಳಿಯಿತು. ಗೊತ್ತಾದ ಮೇಲೂ, ನಾಳೆ ಕಿತ್ತರಾಯ್ತು ಅಂತ ನಾಲ್ಕು ದಿನ ಅಲ್ಲೇ ಬಿಟ್ಟೆ. ಮಳೆ ಸುರಿಯುತ್ತಲೇ ಇತ್ತು. ಹನ್ನೆರಡನೇ ದಿನ ಪಕ್ಕದ ಟೊಮೆಟೊ ಬಿತ್ತು, ಅದಾದ ಐದು ದಿನಕ್ಕೆ ಅದರ ಪಕ್ಕದ್ದು. ಎಡಗಡೆಯ ಮೆಣಸಿಗೆ ಏನೂ ಆಗಲಿಲ್ಲ. ಮೆಣಸು ತಡೆದುಕೊಂಡಿತೇನೋ ಅಂದುಕೊಂಡೆ. ಕುಂಡ ಎತ್ತಿ ನೋಡಿದಾಗ ಕಾರಣ ಕಂಡಿತು. ಬದನೆ ಕುಂಡದ ತೂತಿನಿಂದ ಹೊರಟ ಹಸಿರು ಪಾಚಿಯ ಗೆರೆ ಟೊಮೆಟೊ ಕುಂಡಗಳ ಅಡಿಯಲ್ಲೇ ಹಾದು ಬಲಗಡೆಯ ನೀರಿನ ಕೊಳವೆಗೆ ಹೋಗಿತ್ತು. ತಾರಸಿಯ ಇಳಿಜಾರು ಆ ಕಡೆಗೇ. ಎರಡೂ ಟೊಮೆಟೊಗಳ ಬೇರು ಕುಂಡದ ತೂತಿನಿಂದ ಹೊರಬಂದು ಆ ಪಾಚಿಯ ಮೇಲೆ ಹರಡಿಕೊಂಡಿತ್ತು. ಮೂರನೇ ಟೊಮೆಟೊ ಬದುಕಿತು, ಅದು ಹೇಗೋ ಇಟ್ಟಿಗೆ ಮೇಲೆ ಇತ್ತು.

ಹಾಗಾಗಿ ನಿಮ್ಮ ತಾರಸಿಯಲ್ಲಿ ಮೊದಲು ಇಳಿಜಾರು ನೋಡಿ. ಒಂದು ಚೊಂಬು ನೀರು ಚೆಲ್ಲಿದರೆ ಯಾವ ಕಡೆ ಓಡುತ್ತದೆ ಅಂತ ಗೊತ್ತಾಗುತ್ತದೆ. ಆದರೆ ಬದನೆ ಬಕೆಟ್ ಇದ್ದ ಜಾಗದ ಮೇಲೆ ಚೆಲ್ಲಬೇಡಿ, ಪಕ್ಕದಲ್ಲಿ ಚೆಲ್ಲಿ. ಕೆಳ ಇಳಿಜಾರಿನಲ್ಲಿರುವ ಕುಂಡಗಳು ಅಪಾಯದಲ್ಲಿವೆ, ಮೇಲಿನವು ಅಷ್ಟಿಲ್ಲ. ಐದೂ ಕುಂಡಗಳನ್ನು ಬೇರೆ ಜಾಗಕ್ಕೆ ಸರಿಸಿ, ಪ್ರತಿಯೊಂದಕ್ಕೂ ಎರಡೆರಡು ಇಟ್ಟಿಗೆ ಕೊಡಿ, ತೂತು ನೆಲಕ್ಕೆ ತಾಗಬಾರದು. ಹೊರಗೆ ಬಂದ ಬೇರು ಇದ್ದರೆ ಕತ್ತರಿಸಲು ಹೋಗಬೇಡಿ, ಅದು ಹೊಸ ಗಾಯ. ಕೆಳಗಿನ ತಟ್ಟೆ ತೆಗೆದುಬಿಡಿ. ತಟ್ಟೆಯಲ್ಲಿ ನಿಂತ ನೀರನ್ನು ಇನ್ನೊಂದು ಗಿಡಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕೆ ಇದೆ, ನೀರು ಉಳಿಸಿದ ಸಮಾಧಾನಕ್ಕೆ. ಈ ರೋಗ ಇರುವಾಗ ಆ ಲೆಕ್ಕ ಬಿಟ್ಟುಬಿಡಿ.

ಇನ್ನು ನಾಲ್ಕು ವಾರ ಈ ಐದು ಗಿಡದ ಬುಡ ಕೆದಕಬೇಡಿ. ಮಣ್ಣು ಸಡಿಲ ಮಾಡುವುದು, ಕಳೆ ಎಳೆಯುವುದು, ಗೊಬ್ಬರ ಬೆರೆಸುವುದು ಎಲ್ಲದರಲ್ಲೂ ಬೇರು ಹರಿಯುತ್ತದೆ. ಕಳೆ ಇದ್ದರೆ ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸಿ. ಕುಂಡದಲ್ಲಿ ತಾನಾಗಿ ಎದ್ದ ಗಣಿಕೆ ಸೊಪ್ಪಿನ ಗಿಡ ಇದ್ದರೆ ಅದನ್ನಂತೂ ಇಟ್ಟುಕೊಳ್ಳಬೇಡಿ. ಅದೂ ಬದನೆಯ ಕುಲದ್ದೇ, ಈ ಬ್ಯಾಕ್ಟೀರಿಯಾಕ್ಕೆ ಅದೊಂದು ಛತ್ರ. ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಒಮ್ಮೆ ಹೋಗಿ ನೋಡಿ, ಬೆಳಗ್ಗೆ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮಣ್ಣು ತೇವ ಇದ್ದೂ ತುದಿಯ ಎಳೆ ಎಲೆ ಜೋತಿದ್ದರೆ ಆ ಕುಂಡವನ್ನೂ ಆ ದಿನವೇ ಬೇರೆ ಇಡಿ. ಮರುದಿನಕ್ಕೆ ಬಿಡಬೇಡಿ, ನಾನು ಬಿಟ್ಟ ಹಾಗೆ.

ಈಗ ಬಿದ್ದ ಗಿಡ. ಎಳೆದು ಕೊಡವಬೇಡಿ, ಮಣ್ಣು ಸಿಡಿಯುತ್ತದೆ. ಬಕೆಟನ್ನು ಹಳೆ ಗೊಬ್ಬರದ ಚೀಲದೊಳಗೆ ಮಗುಚಿ, ಬೇರಿನ ಗಡ್ಡೆ ಸಮೇತ ಚೀಲಕ್ಕೆ ಹಾಕಿ. ಗಿಡವನ್ನು ಬೇರೆ ಮಾಡಿ, ಮಳೆ ತಾಗದ ಕಡೆ ತಗಡಿನ ಮೇಲೆ ಒಣಗಿಸಿ, ಸ್ನಾನದ ಹಂಡೆ ಒಲೆ ಇದ್ದರೆ ಅದಕ್ಕೆ ಹಾಕಿ. ಒಲೆ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಿ. ಮನೆಯ ಕಾಂಪೋಸ್ಟ್ ಡಬ್ಬಿಗೆ ಬೇಡವೇ ಬೇಡ. ಅದು ಈ ಬ್ಯಾಕ್ಟೀರಿಯಾ ಸಾಯುವಷ್ಟು ಬಿಸಿಯಾಗುವುದು ಅಪರೂಪ.

ಬಕೆಟ್ ಉಳಿಯುತ್ತದೆ. ಮೊದಲು ಸೋಪು ಹಾಕಿ ಮಣ್ಣಿನ ಕಣವೂ ಇಲ್ಲದ ಹಾಗೆ ಉಜ್ಜಿ ತೊಳೆಯಿರಿ, ಯಾಕಂದ್ರೆ ಮಣ್ಣು ಇದ್ದರೆ ಬ್ಲೀಚಿಂಗ್ ಪುಡಿಯ ಶಕ್ತಿ ಅದರಲ್ಲೇ ಕಳೆದುಹೋಗುತ್ತದೆ. ತೊಳೆಯುವ ನೀರು ಗಿಡಗಳ ಕಡೆ ಹೋಗದಂತೆ ಬಚ್ಚಲಲ್ಲಿ ಮಾಡಿ. ಆಮೇಲೆ ಲೀಟರ್ ನೀರಿಗೆ 15ರಿಂದ 20 ಗ್ರಾಂ ಬ್ಲೀಚಿಂಗ್ ಪುಡಿ ಕದಡಿ, ಬಕೆಟ್‌ನ ಒಳಗೂ ಹೊರಗೂ ಅರ್ಧ ಗಂಟೆ ತೇವ ಇರುವಂತೆ ಬಟ್ಟೆಯಿಂದ ಹಚ್ಚುತ್ತಿರಿ. ತೊಳೆದು ಬಿಸಿಲಿಗೆ ಒಣಗಿಸಿ. ಪುಡಿ ಹೊಸದಿರಲಿ, ಬಾಯಿ ಬಿಟ್ಟಿಟ್ಟ ಹಳೇ ಪೊಟ್ಟಣದಲ್ಲಿ ಸತ್ವ ಇರುವುದಿಲ್ಲ. ಗಾಳಿ ಆಡುವ ಕಡೆ, ಕೈಗವಸು ಹಾಕಿಕೊಂಡು ಮಾಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಅಪ್ಪಿತಪ್ಪಿಯೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಕುರ್ಪಿ, ಕತ್ತರಿಗೂ ಇದೇ ನೀರು. ಕಬ್ಬಿಣ ತುಕ್ಕು ಹಿಡಿಯದ ಹಾಗೆ ಬೇಗ ತೊಳೆದು ಒರೆಸಿ ಎಣ್ಣೆ ಸವರಿ.

ಮಣ್ಣಿನ ವಿಷಯಕ್ಕೆ ನಿಮ್ಮ ಪತ್ರದಲ್ಲೇ ಸುಳಿವು ಇತ್ತು. ಆಲೂಗಡ್ಡೆಗೆ ಬರುವ ಕಂದು ಕೊಳೆ ಇದೇ ಬ್ಯಾಕ್ಟೀರಿಯಾದ್ದು. ಗಡ್ಡೆ ಕೊಯ್ದರೆ ಸಿಪ್ಪೆಯ ಒಳಗೆ ಕಂದು ಉಂಗುರ, ಒತ್ತಿದರೆ ಬಿಳಿ ಲೋಳೆ. ಹಾಸನ ಆಲೂಗಡ್ಡೆಯ ಸೀಮೆ. ಹೊಲ ನೋಡಲು ಚೆನ್ನಾಗಿದ್ದರೂ ಮಣ್ಣಿನಲ್ಲಿ ರೋಗ ಇರಬಹುದು, ಬೆಳೆ ಇಲ್ಲದ ಕಾಲದಲ್ಲೂ ಕಳೆಗಳ ಬೇರು ಹಿಡಿದು ವರ್ಷಗಟ್ಟಲೆ ಬದುಕುತ್ತದೆ. ನಿಮ್ಮ ಮಾವನವರನ್ನು ಒಂದು ಮಾತು ಕೇಳಿ, ಆ ಹೊಲದಲ್ಲಿ ಗಿಡ ಹಸಿರಾಗಿಯೇ ಬಾಡಿದ್ದು ಉಂಟಾ ಅಂತ. ಶುಂಠಿ ಹಾಕಿದ ಜಮೀನಿನ ಮಣ್ಣೂ ಕುಂಡಕ್ಕೆ ಬೇಡ. ಬೇಲೂರು, ಆಲೂರು, ಸಕಲೇಶಪುರದ ಕಡೆ ಶುಂಠಿಯವರು ಹೊಸ ಹೊಸ ಜಮೀನು ಹುಡುಕಿಕೊಂಡು ಹೋಗುವುದಕ್ಕೆ ಸೊರಗು ರೋಗವೂ ಒಂದು ಕಾರಣ. ಶುಂಠಿಗೆ ಬರುವ ತಳಿಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಬ್ಯಾಕ್ಟೀರಿಯಾ ಅದೇ ಬಳಗದ್ದು.

ಒಂದು ಬಕೆಟ್ ಮಣ್ಣನ್ನು ಉಳಿಸುವುದು ನಿಜಕ್ಕೂ ಬೇಕಾ ಅಂತ ಯೋಚಿಸಿ. ಸುತ್ತಮುತ್ತ ತರಕಾರಿ ಇಲ್ಲದ ಕಡೆ ತೆಂಗಿನ ಬುಡಕ್ಕೆ ಹಾಕಿ ಮೇಲೆ ಬೇರೆ ಮಣ್ಣು ಎಳೆದರೆ ಕೆಲಸ ಮುಗಿಯಿತು. ಉಳಿಸಲೇಬೇಕು ಅಂದರೆ ಬಿಸಿ ಮಾಡಬೇಕು. ಬಿಸಿಲಿನಲ್ಲಿ ಕಾಯಿಸುವ ಪದ್ಧತಿ ಒಳ್ಳೆಯದೇ. ಒದ್ದೆ ಮಣ್ಣನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಬಾಯಿ ಕಟ್ಟಿ, ನಾಲ್ಕರಿಂದ ಆರು ವಾರ ತಾರಸಿಯ ಮೇಲೆ ಬಿಡುವುದು, ನಡುವೆ ಒಂದೆರಡು ಸಲ ಮಗುಚಿ ಹಾಕುವುದು. ಆದರೆ ಅದು ಮಾರ್ಚ್, ಏಪ್ರಿಲ್ ತಿಂಗಳ ಕೆಲಸ. ಈಗ ಜೂನ್ ಮೋಡದಲ್ಲಿ ಹಾಗೆ ಇಟ್ಟರೆ ಬ್ಯಾಕ್ಟೀರಿಯಾಕ್ಕೆ ಬೆಚ್ಚಗೆ ಹೊದಿಸಿದಂತೆ. ಅದಕ್ಕೆ ಹಿತವಾದದ್ದೇ 25ರಿಂದ 35 ಡಿಗ್ರಿ, ಜೊತೆಗೆ ತೇವ. ರೋಹಿಣಿ ಮಳೆ ಆದಮೇಲೆ ಬಿಸಿಲು ಬಂದ ದಿನ ನಿಮ್ಮ ಬಕೆಟ್‌ನಲ್ಲಿ ಇದ್ದದ್ದೂ ಅದೇ ಹವೆ.

ಮಳೆಗಾಲದಲ್ಲಿ ಆವಿಯೇ ದಾರಿ. ಅಡುಗೆಗೆ ಬಳಸದ ಹಳೆ ಹಂಡೆಯಲ್ಲಿ ಆರು ಇಂಚು ನೀರು, ಅದರ ಮೇಲೆ ಇಟ್ಟಿಗೆ ಮತ್ತು ಜರಡಿ, ಜರಡಿ ಮೇಲೆ ಗೋಣಿಬಟ್ಟೆಯಲ್ಲಿ ಕಟ್ಟಿದ ಐದಾರು ಕಿಲೋ ಮಣ್ಣು, ಮುಚ್ಚಳ. ಮಣ್ಣಿನ ನಡುಮಧ್ಯಕ್ಕೆ ಒಂದು ಸಣ್ಣ ಆಲೂಗಡ್ಡೆ ಹೂತಿಡಿ. ಆಲೂಗಡ್ಡೆ ಬೆಂದಿದ್ದರೆ ನಡುವಿನ ಮಣ್ಣಿಗೂ ಸಾಕಷ್ಟು ಬಿಸಿ ತಾಗಿದೆ ಅಂತ ಲೆಕ್ಕ. ಉಷ್ಣಮಾಪಕದ ಖರ್ಚು ಇಲ್ಲ. ರೋಗ ತಂದ ಬೆಳೆಯಿಂದಲೇ ಸಾಕ್ಷಿ ಹೇಳಿಸಿದ ಹಾಗೂ ಆಯ್ತು. ಆ ಆಲೂಗಡ್ಡೆ ತಿನ್ನಬೇಡಿ. ಮನೆಯಲ್ಲಿ ಒಂದು ಥರದ ಮಣ್ಣಿನ ಘಾಟು ಬರುತ್ತದೆ, ಹೊರಗಿನ ಒಲೆ ಇದ್ದರೆ ಮಾತ್ರ ಈ ಸಾಹಸ ಮಾಡಿ. ಆರಿದ ಮೇಲೆ ಒಳ್ಳೆಯ ಕಾಂಪೋಸ್ಟ್ ಬೆರೆಸಿ ಎರಡು ವಾರ ಬಿಡಿ. ಇಷ್ಟೆಲ್ಲ ಮಾಡಿದ ಮಣ್ಣಿಗೂ ನಾನಾದರೆ ಮೊದಲ ವರ್ಷ ಈರುಳ್ಳಿ, ಬೆಳ್ಳುಳ್ಳಿ ಅಥವಾ ಜೋಳ ಹಾಕುತ್ತೇನೆಯೇ ಹೊರತು ಬದನೆ ಬಳಗದ್ದನ್ನಲ್ಲ.

ಮತ್ತೆ ಬದನೆ ಹಾಕುವುದಾದರೆ ಹೊಸ ಬಕೆಟ್‌ಗೆ ಹೊಲದ ಮಣ್ಣು ಬೇಡ. ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಮತ್ತು ತರಕಾರಿ ಬೆಳೆಯದ ಜಾಗದ ಕೆಮ್ಮಣ್ಣು ಸಾಕು. ಸಸಿ ಟ್ರೇನಲ್ಲಿ ಬೆಳೆಸಿದ್ದಿರಲಿ. ತಳಿಗಳಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್, ಅರ್ಕಾ ನೀಲಕಂಠ ಇವು ಈ ರೋಗವನ್ನು ತಡೆದುಕೊಳ್ಳುತ್ತವೆ. ತಡೆದುಕೊಳ್ಳುತ್ತವೆ ಅಂದೆ, ರೋಗ ಬರುವುದೇ ಇಲ್ಲ ಅನ್ನಲಿಲ್ಲ. ಸೆಕೆ, ತೇವ ಜಾಸ್ತಿಯಾಗಿ ಮಣ್ಣಿನಲ್ಲಿ ರೋಗ ಹೆಚ್ಚಿದ್ದರೆ ಅವೂ ಬೀಳಬಹುದು.

ನಿಮಗೆ ಮುಳ್ಳು ಬದನೆಯೇ ಬೇಕು ಅಂತಿದ್ದರೆ ಕಾಡು ಸುಂಡೆಯ ಬುಡಕ್ಕೆ ಕಸಿ ಕಟ್ಟಬಹುದು. ಮಲೆನಾಡಿನಲ್ಲಿ ರಸ್ತೆ ಬದಿಯಲ್ಲಿ ಆಳೆತ್ತರ ಬೆಳೆದು ಗೊಂಚಲಲ್ಲಿ ಸಣ್ಣ ಹಸಿರು ಕಾಯಿ ಬಿಡುವ ಮುಳ್ಳು ಗಿಡ ಇದೆಯಲ್ವಾ, ಅದೇ. ಅದರ ಬೇರಿಗೆ ಈ ರೋಗ ಸುಲಭವಾಗಿ ತಾಗುವುದಿಲ್ಲ. ಸುಂಡೆ ಬೀಜ ಮೊಳೆಯುವುದು ನಿಧಾನ, ಆದ್ದರಿಂದ ಬದನೆಗಿಂತ ಮೂರು ನಾಲ್ಕು ವಾರ ಮುಂಚೆ ಬಿತ್ತಿ. ಎರಡೂ ಸಸಿಗಳ ಕಾಂಡ ಪೆನ್ಸಿಲ್ ಕಡ್ಡಿಯ ದಪ್ಪಕ್ಕೆ ಬಂದಾಗ ಸುಂಡೆಯ ತಲೆ ಕತ್ತರಿಸಿ, ನಡುವೆ ಅರ್ಧ ಇಂಚು ಸೀಳಿ, ಬದನೆಯ ತುದಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ ಕ್ಲಿಪ್ ಹಾಕಿ. ಒಂದು ವಾರ ಪ್ಲಾಸ್ಟಿಕ್ ಚೀಲ ಹೊದಿಸಿ ನೆರಳಲ್ಲಿಡಿ. ಮೊದಲ ಸಲ ಹತ್ತರಲ್ಲಿ ನಾಲ್ಕೈದು ಹತ್ತಿದರೂ ಚೆನ್ನಾಗಿ ಮಾಡಿದಿರಿ ಅಂತಲೇ.

ಬಕೆಟ್‌ಗೆ ನೆಡುವಾಗ ಆ ಕಸಿಯ ಗಂಟು ಮಣ್ಣಿನಿಂದ ಕನಿಷ್ಠ ಮೂರು ಬೆರಳು ಮೇಲೆ ಇರಬೇಕು. ಆಮೇಲೆ ಗೊಬ್ಬರ ಹಾಕುತ್ತ ಹಾಕುತ್ತ ಗಂಟಿನ ಮಟ್ಟಕ್ಕೆ ಮಣ್ಣು ಏರಿಸಿಬಿಟ್ಟರೆ ಮೇಲಿನ ಬದನೆಯೇ ತನ್ನ ಬೇರು ಬಿಡುತ್ತದೆ. ಆಗ ಕೆಳಗೆ ಸುಂಡೆ ಇದ್ದೂ ಪ್ರಯೋಜನವಿಲ್ಲ.